216: ಚದರವೋ, ಘನವೋ?

ಒಂದು ಘನಾಕೃತಿಯ ಅಂಚು 6 ಸೆಂ.ಮೀ. ಅದರ ಘನಫಲ ಎಷ್ಟು? ಅಭ್ಯಾಸ ಹಾಳೆಯಲ್ಲಿ ಈ ಪ್ರಶ್ನೆಯ ಕೆಳಗೆ ಹುಡುಗನೊಬ್ಬ "216 ಚದರ ಸೆಂ.ಮೀ." ಎಂದು ಬರೆದಿದ್ದಾನೆ ಎಂದುಕೊಳ್ಳೋಣ. ಮಾದರಿ ಉತ್ತರದಲ್ಲಿ ಇರುವುದು "216 ಘನ ಸೆಂ.ಮೀ." ಅಂಕಿ ಹೊಂದಿದೆ, ಏಕಮಾನ ಹೊಂದಿಲ್ಲ. ಲೆಕ್ಕ ಗೊತ್ತಿದೆ, ಕೊನೆಯಲ್ಲಿ ಅವಸರ ಮಾಡಿದ್ದಾನೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಅದೇ ಘನಾಕೃತಿಯ ಆರು ಮುಖಗಳ ಒಟ್ಟು ವಿಸ್ತೀರ್ಣ ಕಂಡುಹಿಡಿದು ನೋಡಿ. ಒಂದು ಮುಖಕ್ಕೆ 6 × 6 = 36, ಆರು ಮುಖಗಳಿಗೆ 216. ಘನಫಲವೂ 6 × 6 × 6, ಅಂದರೆ 216. ಹಾಗಾಗಿ ಹುಡುಗನ ತಲೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಎರಡು ಉತ್ತರಗಳಿವೆ. ಘನಫಲವನ್ನೇ ಲೆಕ್ಕಹಾಕಿ ಏಕಮಾನವನ್ನು ಮಾತ್ರ ತಪ್ಪು ಬರೆದಿರಬಹುದು. ಇಲ್ಲವೇ ಘನಫಲ ಕೇಳಿದರೆ ಮೇಲ್ಮೈ ವಿಸ್ತೀರ್ಣ ಲೆಕ್ಕಹಾಕಿ, ಅದಕ್ಕೆ ಸರಿಯಾದ ಏಕಮಾನವನ್ನೇ ಬರೆದಿರಬಹುದು. ಎರಡನೆಯದಾದರೆ ಏಕಮಾನವೊಂದೇ ಸರಿ, ಉಳಿದದ್ದೆಲ್ಲ ತಪ್ಪು. ಮೊದಲನೆಯವನಿಗೆ ಒಂದು ಮಾತು ಹೇಳಿದರೆ ಸಾಕು. ಎರಡನೆಯವನಿಗೆ ಪಾಠವನ್ನೇ ಮತ್ತೊಮ್ಮೆ ಮಾಡಬೇಕು. ಕೊನೆಯ ಸಾಲನ್ನಷ್ಟೇ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಈ ಕಾಕತಾಳೀಯ 6ಕ್ಕೆ ಮಾತ್ರ ಸೇರಿದ್ದು. ಅಂಚು 5 ಆದರೆ ಮೇಲ್ಮೈ 150, ಘನಫಲ 125. ಅಂಚು 7 ಆದರೆ 294 ಮತ್ತು 343. ಬೇರೆ ಆಕೃತಿಗಳಲ್ಲೂ ಇಂಥ ಬಲೆಗಳಿವೆ. ಗೋಳದ ತ್ರಿಜ್ಯ 3 ಆದರೆ ಮೇಲ್ಮೈಯೂ 36π, ಘನಫಲವೂ 36π. ಸಿಲಿಂಡರಿನ ತ್ರಿಜ್ಯ 2 ಆದರಂತೂ ಎತ್ತರ ಎಷ್ಟೇ ಇರಲಿ, ವಕ್ರ ಮೇಲ್ಮೈಯ ಅಂಕಿ ಮತ್ತು ಘನಫಲದ ಅಂಕಿ ಒಂದೇ ಆಗುತ್ತವೆ. ಎತ್ತರ 7 ಇಟ್ಟು ನೋಡಿದರೆ ಎರಡೂ ಕಡೆ 88 ಬರುತ್ತದೆ. ಅಭ್ಯಾಸ ಹಾಳೆ ತಯಾರಿಸುವವರು ಗುಣಾಕಾರ ಸುಲಭವಾಗಲಿ ಎಂದು ಆರಿಸಿಕೊಳ್ಳುವ ಚಿಕ್ಕ ಸಂಖ್ಯೆಗಳು 2, 3, 6 ಇವೇ ಆದ್ದರಿಂದ ಈ ಬಲೆ ಅಪರೂಪದ್ದಲ್ಲ. ಮಗುವಿನ ತಪ್ಪು ಎದ್ದು ಕಾಣಬೇಕಾದರೆ ಪ್ರಶ್ನೆಯಲ್ಲಿ 5 ಅಥವಾ 7 ಇರಬೇಕು.

ಎರಡೂ 216 ನಿಜಕ್ಕೂ ಒಂದೇ ಅಲ್ಲ ಎಂದು ಮಕ್ಕಳಿಗೆ ತೋರಿಸಲು ಸುಲಭದ ದಾರಿಯೊಂದಿದೆ. ಅದೇ ಅಂಚನ್ನು ಮಿಲಿಮೀಟರಿನಲ್ಲಿ ಬರೆಯಿರಿ: 60 ಮಿ.ಮೀ. ಈಗ ಆರು ಮುಖಗಳ ವಿಸ್ತೀರ್ಣ 6 × 60 × 60, ಅಂದರೆ 21,600 ಚದರ ಮಿ.ಮೀ. ಘನಫಲ 60 × 60 × 60, ಅಂದರೆ 2,16,000 ಘನ ಮಿ.ಮೀ. ವಸ್ತು ಬದಲಾಗಿಲ್ಲ, ಅಳತೆಪಟ್ಟಿಯ ಗೆರೆಗಳು ಮಾತ್ರ ಚಿಕ್ಕವಾಗಿವೆ. ಅಷ್ಟಕ್ಕೇ ಒಂದು ಅಂಕಿ ನೂರು ಪಟ್ಟು ಬೆಳೆಯಿತು, ಇನ್ನೊಂದು ಸಾವಿರ ಪಟ್ಟು. ಚದರದ ಅಳತೆಯಲ್ಲಿ ಎರಡು ಉದ್ದಗಳು ಗುಣಿಸಿವೆ, ಘನದ ಅಳತೆಯಲ್ಲಿ ಮೂರು. ಸಂಖ್ಯೆಯೊಂದನ್ನೇ ಎದುರಿಗಿಟ್ಟರೆ ಈ ವ್ಯತ್ಯಾಸ ಕಾಣುವುದಿಲ್ಲ. ಏಕಮಾನ ಬದಲಿಸಿದ ಕೂಡಲೇ ಹೊರಬರುತ್ತದೆ.

ಗೊಂದಲ ಬೇರೂರುವುದು ಇದಕ್ಕೂ ಮೊದಲು, ಮಕ್ಕಳು ಇನ್ನೂ ಸೂತ್ರ ಕಲಿಯದ ವಯಸ್ಸಿನಲ್ಲಿ. ಮೈಕೆಲ್ ಬಟಿಸ್ಟಾ ಮತ್ತು ಡಗ್ಲಸ್ ಕ್ಲೆಮೆಂಟ್ಸ್ ಎಂಬ ಅಮೆರಿಕದ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕುರಿತದ್ದು. ಚಿಕ್ಕ ಚಿಕ್ಕ ಘನಗಳನ್ನು ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆಯಲ್ಲಿ ಒಟ್ಟು ಎಷ್ಟು ಘನಗಳಿವೆ ಎಂದು ಕೇಳಿದರೆ ಅನೇಕ ಮಕ್ಕಳು ಹೊರಗೆ ಕಾಣುವ ಮುಖಗಳನ್ನು ಎಣಿಸುತ್ತಿದ್ದರು. ಅಂಚಿನಲ್ಲಿರುವ ಘನಕ್ಕೆ ಎರಡು ಮುಖ ಹೊರಗಿರುವುದರಿಂದ ಅದು ಎರಡು ಸಲ, ಮೂಲೆಯದು ಮೂರು ಸಲ ಲೆಕ್ಕಕ್ಕೆ ಬರುತ್ತಿತ್ತು. ಒಳಗೆ ಅಡಗಿದ್ದವು ಬರುತ್ತಲೇ ಇರಲಿಲ್ಲ. ಇದನ್ನು ತಿಳಿದವರಿಗೆ ಹಾಳೆಯ ಮೇಲಿನ ತಪ್ಪು ಅಂಕಿಯೇ ಅರ್ಧ ಕಥೆ ಹೇಳುತ್ತದೆ. 3, 4, 5 ಅಳತೆಯ ಆಯತಘನದಲ್ಲಿ ಇರುವುದು 60 ಘನಗಳು. ಮಗು 94 ಎಂದು ಬರೆದಿದ್ದರೆ ಆರೂ ಮುಖಗಳ ಚೌಕಗಳನ್ನು ಎಣಿಸಿದೆ. 47 ಎಂದು ಬರೆದಿದ್ದರೆ ಚಿತ್ರದಲ್ಲಿ ಕಣ್ಣಿಗೆ ಬೀಳುವ ಮೂರು ಮುಖಗಳನ್ನು ಎಣಿಸಿದೆ. ಅಂಥ ಮಗುವಿಗೆ "ಘನ ಸೆಂ.ಮೀ. ಎಂದು ಬರೆ" ಎಂದು ಹೇಳಿದರೆ ಏನೂ ತಿದ್ದಿದಂತಾಗುವುದಿಲ್ಲ. ಅದು ಎಣಿಸಿದ್ದೇ ಚದರಗಳನ್ನು.

ಮೇಲಿನ ತರಗತಿಗಳಿಗೆ ಬರುವ ಹೊತ್ತಿಗೆ ಗೊಂದಲಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಲೆಕ್ಕವನ್ನೆಲ್ಲ ಬರಿಯ ಅಂಕಿಗಳಲ್ಲಿ ಮಾಡಿ, ಕೊನೆಯಲ್ಲಿ ಉತ್ತರದ ಪಕ್ಕಕ್ಕೆ ಏಕಮಾನ ಅಂಟಿಸುವ ಅಭ್ಯಾಸ. ಹಾಗೆ ಅಂಟಿಸುವಾಗ ಮಗುವಿಗೆ ನೆನಪೊಂದೇ ಆಸರೆ. ಪ್ರತಿ ಸಾಲಿನಲ್ಲೂ ಏಕಮಾನವನ್ನು ಜೊತೆಗೆ ಕರೆದೊಯ್ದರೆ ಅದನ್ನು ನೆನಪಿಡಬೇಕಾಗಿಲ್ಲ, ಲೆಕ್ಕದಿಂದ ತಾನಾಗಿ ಹುಟ್ಟುತ್ತದೆ. 6 ಸೆಂ.ಮೀ. × 6 ಸೆಂ.ಮೀ. ಎಂದು ಬರೆದವನು ಚದರ ಸೆಂ.ಮೀ. ಬಿಟ್ಟು ಬೇರೇನನ್ನೂ ಬರೆಯಲಾರ.

ಸೂತ್ರ ಸರಿಯಾಗಿ ನೆನಪಿದೆಯೇ ಎಂದು ನೋಡುವುದಕ್ಕೂ ಇದೇ ಉಪಾಯ ಸಾಕು. ಸೂತ್ರದಲ್ಲಿ ಎಷ್ಟು ಉದ್ದಗಳು ಒಂದನ್ನೊಂದು ಗುಣಿಸುತ್ತಿವೆ ಎಂದು ಎಣಿಸಿದರಾಯಿತು. 2, π, ಮೂರನೆಯ ಒಂದು ಇವೆಲ್ಲ ಬರಿಯ ಸಂಖ್ಯೆಗಳು, ಎಣಿಕೆಗೆ ಬರುವುದಿಲ್ಲ. ತ್ರಿಜ್ಯ, ಎತ್ತರ, ಓರೆ ಎತ್ತರ ಇವು ಉದ್ದಗಳು. ಶಂಕುವಿನ ವಕ್ರ ಮೇಲ್ಮೈ πrl ಎಂಬುದರಲ್ಲಿ r ಮತ್ತು l ಎರಡು ಉದ್ದಗಳಿವೆ, ಆದ್ದರಿಂದ ಚದರ. ಅದರ ಘನಫಲ ⅓πr²h ಎಂಬುದರಲ್ಲಿ r ಎರಡು ಸಲ, h ಒಂದು ಸಲ ಬಂದು ಮೂರಾಯಿತು, ಆದ್ದರಿಂದ ಘನ. ಗೋಳದ 4πr² ಯಾವುದು, ⁴⁄₃πr³ ಯಾವುದು ಎಂದು ಪರೀಕ್ಷೆಯ ಹೊತ್ತಿನಲ್ಲಿ ತಡವರಿಸುವವರಿಗೂ ಇದೇ ಎಣಿಕೆ ಉತ್ತರ ಕೊಡುತ್ತದೆ.

ಕೂಡುವಾಗ ನಿಯಮ ಇನ್ನೂ ಬಿಗಿಯಾಗಿದೆ: ಚದರಕ್ಕೆ ಚದರವನ್ನೇ ಕೂಡಬೇಕು, ಘನಕ್ಕೆ ಘನವನ್ನೇ. ಫ್ರಾನ್ಸಿನ ಗಣಿತಜ್ಞ ಫ್ರಾನ್ಸ್ವಾ ವಿಯೆತ್ 1591ರಷ್ಟು ಹಿಂದೆಯೇ ಒಂದೇ ಜಾತಿಯ ಪರಿಮಾಣಗಳನ್ನು ಮಾತ್ರ ಕೂಡಬಹುದು ಎಂಬುದನ್ನು ತನ್ನ ಬೀಜಗಣಿತದ ಮೂಲ ನಿಯಮಗಳಲ್ಲಿ ಸೇರಿಸಿದ್ದ. ಸಿಲಿಂಡರಿನ ಪೂರ್ಣ ಮೇಲ್ಮೈಗೆ ಸರಿಯಾದ ಸೂತ್ರ 2πr² + 2πrh. ಎರಡೂ ಪದಗಳಲ್ಲಿ ಎರಡೆರಡು ಉದ್ದಗಳಿವೆ. ವಿದ್ಯಾರ್ಥಿಯೊಬ್ಬಳು 2πr² + πr²h ಎಂದು ಬರೆದಿದ್ದರೆ ಮೊದಲ ಪದ ಚದರ, ಎರಡನೆಯದು ಘನ. ಇಲ್ಲಿ ಗುಣಾಕಾರ ಸರಿಯಿದೆಯೇ ಎಂದು ನೋಡುವ ಅಗತ್ಯವೇ ಇಲ್ಲ. ಮುಚ್ಚಳ ಮತ್ತು ತಳದ ವಿಸ್ತೀರ್ಣಕ್ಕೆ ಒಳಗಿನ ನೀರನ್ನು ಕೂಡಿಸಲು ಹೊರಟಿದ್ದಾಳೆ.

ಈ ಪರೀಕ್ಷೆಯ ಶಕ್ತಿ ಪೂರ್ತಿಯಾಗಿ ಕಾಣುವುದು ಬಾವಿಯ ಲೆಕ್ಕದಲ್ಲಿ. ಹತ್ತನೆಯ ತರಗತಿಯಲ್ಲಿ ಗಣಿತ ಓದಿದ ಬಹಳಷ್ಟು ಮಂದಿಗೆ ಇದು ಪರಿಚಿತ. 7 ಮೀ. ವ್ಯಾಸದ ಬಾವಿಯನ್ನು 20 ಮೀ. ಆಳ ತೋಡುತ್ತಾರೆ. ಬಂದ ಮಣ್ಣನ್ನು 22 ಮೀ. ಉದ್ದ, 14 ಮೀ. ಅಗಲದ ಜಾಗದಲ್ಲಿ ಸಮನಾಗಿ ಹರಡಿ ಜಗಲಿ ಮಾಡುತ್ತಾರೆ. ಜಗಲಿಯ ಎತ್ತರ ಎಷ್ಟು? ತೋಡಿದ ಮಣ್ಣು ಬಾವಿಯ ಘನಫಲಕ್ಕೆ ಸಮ. ತ್ರಿಜ್ಯ 3.5 ಮೀ. ಆದ್ದರಿಂದ 22/7 × 3.5 × 3.5 × 20, ಅಂದರೆ 770 ಘನ ಮೀ. ಹರಡಿದ ಜಾಗ 22 × 14 = 308 ಚದರ ಮೀ. ಭಾಗಿಸಿದರೆ 2.5. ಘನ ಮೀಟರನ್ನು ಚದರ ಮೀಟರಿನಿಂದ ಭಾಗಿಸಿದಾಗ ಮೂರು ಉದ್ದಗಳಲ್ಲಿ ಎರಡು ಹೊಡೆದುಹೋಗಿ ಒಂದು ಉಳಿಯುತ್ತದೆ: ಮೀಟರ್. ಎತ್ತರ ಕೇಳಿದ್ದರು, ಎತ್ತರವೇ ಬಂತು.

ಈಗ ಇನ್ನೊಂದು ಹಾಳೆ. ಈ ವಿದ್ಯಾರ್ಥಿ ಸಿಲಿಂಡರ್ ಎಂದ ಕೂಡಲೇ 2πrh ಬರೆದಿದ್ದಾನೆ. 2 × 22/7 × 3.5 × 20 = 440. ಅದನ್ನು 308ರಿಂದ ಭಾಗಿಸಿ "ಎತ್ತರ 1.43 ಮೀ." ಎಂದು ಮುಗಿಸಿದ್ದಾನೆ. ಈ ತಪ್ಪನ್ನು ಅಂದಾಜಿನಿಂದ ಹಿಡಿಯಲು ಆಗುವುದಿಲ್ಲ. ಮಣ್ಣಿನ ಜಗಲಿಗೆ ಒಂದೂವರೆ ಮೀಟರಿನಷ್ಟು ಎತ್ತರ ನಂಬುವಂಥದ್ದೇ. ಸರಿಯಾದ ಎರಡೂವರೆ ಮೀಟರಿಗಿಂತ ಅದೇ ಹೆಚ್ಚು ಸಹಜವಾಗಿ ಕಾಣುತ್ತದೆ. ಗುಣಾಕಾರ, ಭಾಗಾಕಾರಗಳಲ್ಲೂ ದೋಷವಿಲ್ಲ. ಏಕಮಾನ ಹಾಕಿ ಓದಿದರೆ ಮಾತ್ರ ಗುಟ್ಟು ಬಯಲಾಗುತ್ತದೆ. 440 ಚದರ ಮೀಟರನ್ನು 308 ಚದರ ಮೀಟರಿನಿಂದ ಭಾಗಿಸಿದರೆ ಮೀಟರ್ ಉಳಿಯುವುದೇ ಇಲ್ಲ. ಎರಡೂ ಪೂರ್ತಿ ಹೊಡೆದುಹೋಗಿ 1.43 ಎಂಬ ಬರಿಯ ಸಂಖ್ಯೆ ಮಿಗುತ್ತದೆ. ಬಾವಿಯ ಒಳಗೋಡೆ ಆ ಜಾಗದ ಒಂದೂಕಾಲು, ಒಂದೂವರೆ ಪಟ್ಟಿನ ನಡುವೆ ದೊಡ್ಡದು ಎಂದಷ್ಟೇ ಅದರ ಅರ್ಥ. ಆ ಸಂಖ್ಯೆಯ ಮುಂದೆ "ಮೀ." ಬಂದಿದ್ದು ಲೆಕ್ಕದಿಂದಲ್ಲ, ಎತ್ತರ ಕೇಳಿದ್ದಾರೆ ಎಂಬ ಕಾರಣಕ್ಕೆ.

ಅಂದಾಜು ಕೈಹಿಡಿಯುವ ಜಾಗ ಬೇರೆ ಇದೆ: ಸೆಂಟಿಮೀಟರಿನಿಂದ ಮೀಟರಿಗೆ ಬರುವಾಗ. ಒಂದು ನೀರಿನ ಡ್ರಮ್ಮಿನ ತ್ರಿಜ್ಯ 70 ಸೆಂ.ಮೀ., ಎತ್ತರ 150 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದರ ಸುತ್ತಲಿನ ಹೊರಮೈಗೆ ಬಣ್ಣ ಹೊಡೆಯಲು ಎಷ್ಟು ಚದರ ಮೀಟರ್, ಒಳಗೆ ಎಷ್ಟು ನೀರು ಎಂಬುದು ಪ್ರಶ್ನೆ. ವಕ್ರ ಮೇಲ್ಮೈ 66,000 ಚದರ ಸೆಂ.ಮೀ. ಬರುತ್ತದೆ. ನೂರು ಸೆಂಟಿಮೀಟರಿಗೆ ಒಂದು ಮೀಟರ್ ಎಂಬ ಪಾಠ ಬಾಯಿಪಾಠವಾಗಿರುವ ಮಗು ಅದನ್ನು 100ರಿಂದ ಭಾಗಿಸಿ 660 ಚದರ ಮೀ. ಎನ್ನುತ್ತದೆ. ಮೂವತ್ತು ನಲವತ್ತರ ಸೈಟು 1,200 ಚದರಡಿ, ಅಂದರೆ ಸುಮಾರು 111 ಚದರ ಮೀಟರ್. ಮಗುವಿನ ಲೆಕ್ಕದಲ್ಲಿ ಒಂದು ಡ್ರಮ್ಮಿನ ಮೈ ಹತ್ತಿರಹತ್ತಿರ ಆರು ಸೈಟುಗಳಷ್ಟಾಯಿತು. ಒಂದು ಚದರ ಮೀಟರಿನಲ್ಲಿ ನೂರು ಸಾಲು, ಸಾಲಿಗೆ ನೂರರಂತೆ 10,000 ಚದರ ಸೆಂಟಿಮೀಟರುಗಳಿರುತ್ತವೆ. ಹಾಗಾಗಿ ಸರಿಯಾದ ಉತ್ತರ 6.6 ಚದರ ಮೀ. ಮೊದಲೇ ಮೀಟರಿಗೆ ಬಂದು ಲೆಕ್ಕ ಮಾಡಿದರೂ ಇದೇ ಬರಬೇಕು: ಸುತ್ತಳತೆ 4.4 ಮೀ., ಎತ್ತರ 1.5 ಮೀ., ಗುಣಿಸಿದರೆ 6.6.

ನೀರಿನ ಲೆಕ್ಕದಲ್ಲಿ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ. ಘನಫಲ 23,10,000 ಘನ ಸೆಂ.ಮೀ. ಮೇಲೆ 10,000ದಿಂದ ಭಾಗಿಸಿದ್ದು ನೆನಪಿನಲ್ಲಿದ್ದ ಮಗು ಇಲ್ಲೂ ಅದನ್ನೇ ಮಾಡಿ 231 ಘನ ಮೀ. ಎಂದು ಬರೆಯುತ್ತದೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಅಂದರೆ ಆಳೆತ್ತರವೂ ಇಲ್ಲದ ಡ್ರಮ್ಮಿನಲ್ಲಿ 2,31,000 ಲೀಟರ್ ನೀರು. 12,000 ಲೀಟರಿನ ಟ್ಯಾಂಕರ್ ಲಾರಿಗಳು ಹತ್ತೊಂಬತ್ತು ಬಂದರೂ ಅದು ತುಂಬಬಾರದು. ಘನಕ್ಕೆ ನೂರನ್ನು ಮೂರು ಸಲ ಗುಣಿಸಬೇಕು, ಹತ್ತು ಲಕ್ಷದಿಂದ ಭಾಗಿಸಬೇಕು. ಆಗ 2.31 ಘನ ಮೀ., ಅಂದರೆ 2,310 ಲೀಟರ್ ಬರುತ್ತದೆ.

ಇದನ್ನು ತಾಳೆ ನೋಡಲು ಸೂತ್ರ ಬೇಕಿಲ್ಲದ ದಾರಿಯೂ ಉಂಟು. ಡ್ರಮ್ಮನ್ನು ಬಿಗಿಯಾಗಿ ಹಿಡಿಸುವ ಒಂದು ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಅದರ ತಳ 1.4 ಮೀ. × 1.4 ಮೀ., ಎತ್ತರ 1.5 ಮೀ. ಪೆಟ್ಟಿಗೆಯ ಘನಫಲ 2.94 ಘನ ಮೀ. ಡ್ರಮ್ಮು ಅದರೊಳಗೆ ಕೂರುವುದರಿಂದ ಉತ್ತರ 2.94ಕ್ಕಿಂತ ಕಡಿಮೆಯೇ ಇರಬೇಕು, ಆದರೆ ತೀರಾ ಕಡಿಮೆಯೂ ಇರಬಾರದು. ನಾಲ್ಕು ಮೂಲೆಗಳಷ್ಟೇ ಖಾಲಿ ಉಳಿಯುವುದರಿಂದ ಪೆಟ್ಟಿಗೆಯ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ತುಂಬಿರುತ್ತದೆ. 2.31 ಅದಕ್ಕೆ ಹೊಂದುತ್ತದೆ. ಗೋಳ, ಶಂಕುಗಳಿಗೂ ಹೀಗೆ ಹೊರಪೆಟ್ಟಿಗೆ ಹಾಕಿ ನೋಡಬಹುದು.

ಏಕಮಾನದ ಪರೀಕ್ಷೆ ಎಲ್ಲ ತಪ್ಪುಗಳನ್ನೂ ಹಿಡಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಇದಕ್ಕೆ ಆರ್ಯಭಟನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆರ್ಯಭಟೀಯದ ಗಣಿತಪಾದದಲ್ಲಿ ಗೋಳದ ಘನಫಲಕ್ಕೆ ಹೇಳಿರುವ ನಿಯಮ ಹೀಗಿದೆ: ವೃತ್ತದ ವಿಸ್ತೀರ್ಣವನ್ನು ಅದರ ವರ್ಗಮೂಲದಿಂದ ಗುಣಿಸಬೇಕು. ಏಕಮಾನ ನೋಡಿದರೆ ಕುಂದಿಲ್ಲ. ವಿಸ್ತೀರ್ಣ ಚದರ, ಅದರ ವರ್ಗಮೂಲ ಒಂದು ಉದ್ದ, ಗುಣಿಸಿದರೆ ಘನ. ಆದರೆ ತ್ರಿಜ್ಯ 7 ಸೆಂ.ಮೀ. ಇಟ್ಟು ನೋಡಿದರೆ ವೃತ್ತದ ವಿಸ್ತೀರ್ಣ 154, ಅದರ ವರ್ಗಮೂಲ ಸುಮಾರು 12.41, ಗುಣಲಬ್ಧ ಸುಮಾರು 1,911 ಘನ ಸೆಂ.ಮೀ. ಇಂದಿನ ಸೂತ್ರದಂತೆ ಬರುವುದು 1,437 ಘನ ಸೆಂ.ಮೀ. ಮೂರನೆಯ ಒಂದರಷ್ಟು ಹೆಚ್ಚಾಯಿತು. ಸರಿಯಾದ ನಿಯಮವನ್ನು ಭಾಸ್ಕರಾಚಾರ್ಯ 1150ರ ಲೀಲಾವತಿಯಲ್ಲಿ ಕೊಟ್ಟ. ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟು ಗೋಳದ ಮೇಲ್ಮೈ; ಅದನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದರೆ ಘನಫಲ. 154ರ ನಾಲ್ಕು ಪಟ್ಟು 616 ಚದರ ಸೆಂ.ಮೀ.; 14 ಸೆಂ.ಮೀ.ನಿಂದ ಗುಣಿಸಿ ಆರರಿಂದ ಭಾಗಿಸಿದರೆ 1,437 ಘನ ಸೆಂ.ಮೀ. ಮೇಲ್ಮೈಯಿಂದ ಘನಫಲಕ್ಕೆ ಹೋಗಲು ಇನ್ನೊಂದು ಉದ್ದ ಬೇಕೇ ಬೇಕು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಸೂತ್ರ ಇನ್ನೊಂದಿಲ್ಲ. ಗೋಳದ ಪಾಠದಲ್ಲಿ ಇದನ್ನು ಹೇಳಿಕೊಟ್ಟರೆ ಎರಡು ಸೂತ್ರಗಳನ್ನು ಬೇರೆಬೇರೆಯಾಗಿ ಉರುಹೊಡೆಯುವ ಕಷ್ಟವೂ ತಪ್ಪುತ್ತದೆ.

ಶಾಲೆಯ ಹಾಳೆಗಳಲ್ಲೂ ಏಕಮಾನದ ಕಣ್ಣು ತಪ್ಪಿಸಿಕೊಳ್ಳುವ ತಪ್ಪುಗಳಿವೆ. ಶಂಕುವಿನ ಘನಫಲದಲ್ಲಿ ಮೂರನೆಯ ಒಂದನ್ನು ಬಿಟ್ಟರೂ ಉತ್ತರ ಘನವೇ. ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದರೂ ಏಕಮಾನ ಕೆಡುವುದಿಲ್ಲ, ಆದರೆ ಗೋಳದ ಘನಫಲ ಎಂಟು ಪಟ್ಟಾಗುತ್ತದೆ. ಸಿಲಿಂಡರಿನ ಮೇಲೆ ಅರ್ಧಗೋಳ ಕೂರಿಸಿದ ಆಕೃತಿಯಲ್ಲಿ ಒಳಗೆ ಮುಚ್ಚಿಹೋದ ವೃತ್ತವನ್ನೂ ಮೇಲ್ಮೈಗೆ ಸೇರಿಸಿದರೆ ಅದೂ ಚದರಕ್ಕೆ ಚದರ ಕೂಡಿದಂತೆಯೇ ಕಾಣುತ್ತದೆ. ಇವುಗಳಲ್ಲಿ ಮೊದಲೆರಡನ್ನು ಹೊರಪೆಟ್ಟಿಗೆಯ ಅಂದಾಜು ಹಿಡಿಯುತ್ತದೆ. ಮೂರನೆಯದಕ್ಕೆ ಚಿತ್ರ ಬರೆದು, ಹೊರಗೆ ಯಾವ ಮೈ ಕಾಣುತ್ತದೆ ಎಂದು ಬೆರಳಿಟ್ಟು ನೋಡುವುದೇ ದಾರಿ.

ಉತ್ತರ ಪತ್ರಿಕೆ ತಿದ್ದುವ ಶಿಕ್ಷಕರಲ್ಲಿ, ಮನೆಯಲ್ಲಿ ಮಕ್ಕಳ ಪುಸ್ತಕ ನೋಡುವ ಅಪ್ಪ ಅಮ್ಮಂದಿರಲ್ಲಿ ಒಂದು ಕೇಳಿಕೆ. ಏಕಮಾನ ತಪ್ಪಿದ್ದಲ್ಲಿ ಕೆಂಪು ಶಾಯಿಯಿಂದ "ಚದರ" ಹೊಡೆದು "ಘನ" ಎಂದು ನೀವೇ ಬರೆದುಬಿಡಬೇಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಾಲಿನಿಂದ ಓದಿಸಿ, ಪ್ರತಿ ಅಂಕಿಯ ಮುಂದೆ ಸೆಂ.ಮೀ. ಅಥವಾ ಮೀ. ಬರೆಯಲು ಹೇಳಿ, ಎಷ್ಟು ಉದ್ದಗಳು ಗುಣಿಸಿದವು ಎಂದು ಅದರ ಬಾಯಿಂದಲೇ ಎಣಿಸಿಸಿ. ತಪ್ಪು ಯಾವ ಸಾಲಿನಲ್ಲಿ ಆಯಿತು ಎಂಬುದನ್ನು ಮಗುವೇ ತೋರಿಸುವವರೆಗೆ ಪೆನ್ನು ಅದರ ಕೈಯಲ್ಲೇ ಇರಲಿ.